ಬೈಗುಳವನ್ನು ಪತ್ರ ಮಾಡುವುದು

ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಮೆಷಿನ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಫೋನನ್ನು ನನ್ನ ಕೈಗಿತ್ತು, "ಇದನ್ನೆಲ್ಲ ಒಂದು ವಾರ್ನಿಂಗ್ ಲೆಟರ್ ಮಾಡಿಕೊಡಯ್ಯ" ಅಂದ. ಆಪರೇಟರ್‌ಗೆ ಕಳಿಸಿದ್ದ ವಾಟ್ಸಾಪ್ ಸಂದೇಶಗಳು: "ಮತ್ತೆ ಅದೇ ಗೋಳಾ?", "ಯಾವಾಗ್ಲೂ ಹಿಂಗೇ ನೀನು", "ಕಣ್ಣು ಕಾಣಲ್ವಾ? ಈ ಸಲ ಸಂಬಳದಲ್ಲಿ ಹಿಡೀತೀನಿ."

"ಯಾವಾಗ್ಲೂ ಅಂದರೆ ಎಷ್ಟು ಸಲ?" ಎಂದು ಕೇಳಿದೆ. ರಿಜೆಕ್ಷನ್ ರಿಜಿಸ್ಟರ್ ತೆರೆದರೆ ಮೂರೇ ಸಲ. ಜೂನ್ 3ರಂದು 14 ಶಾಫ್ಟ್, 11ರಂದು 9, 19ರಂದು 20. ಮೊದಲೆರಡರ ಕಾರಣ ಒಂದೇ. ಇನ್ಸರ್ಟ್ ಸವೆಯುತ್ತಾ ಹೋದಂತೆ ಪೀಸಿನ ವ್ಯಾಸ ಹೆಚ್ಚುತ್ತದೆ, ಆಪರೇಟರ್ ಆಫ್‌ಸೆಟ್ ಕಡಿಮೆ ಮಾಡಿ ಸರಿದೂಗಿಸುತ್ತಾನೆ. ಹೊಸ ಇನ್ಸರ್ಟ್ ಹಾಕಿ ಹಳೇ ಆಫ್‌ಸೆಟ್ಟಲ್ಲೇ ಓಡಿಸಿದರೆ ಪೀಸು ಸಣ್ಣದಾಗುತ್ತದೆ. 24.98ರಿಂದ 25.00 ಎಂಎಂ ಒಳಗಿರಬೇಕಾದದ್ದು 24.95 ಬಂದಿತ್ತು. ದಪ್ಪ ಉಳಿದಿದ್ದರೆ ಮತ್ತೆ ಕತ್ತರಿಸಬಹುದಿತ್ತು. ಇದು ನೇರ ಗುಜರಿಗೆ.

ಮೂರನೆಯದು ಬೇರೆ. ಗ್ರೂವ್ ತಪ್ಪು ಜಾಗದಲ್ಲಿತ್ತು, ಏಕೆಂದರೆ ಮೆಷಿನ್ ಪಕ್ಕ ತೂಗುಹಾಕಿದ್ದ ಡ್ರಾಯಿಂಗೇ ಹಳೆಯದು. "ಕಣ್ಣು ಕಾಣಲ್ವಾ" ಅಂತ ಬೈದದ್ದು ಇದಕ್ಕೇ! ಅದನ್ನು ಪತ್ರದಿಂದ ತೆಗೆದೆವು. ಸಂಬಳದ ಮಾತನ್ನೂ ತೆಗೆದೆವು; ನೌಕರನ ಮಾತು ಕೇಳದೆ ನಷ್ಟವನ್ನು ಸಂಬಳದಲ್ಲಿ ಹಿಡಿಯಲು ಕಾನೂನು ಬಿಡುವುದಿಲ್ಲ.

ಕೊನೆಗೆ ಉಳಿದದ್ದು ಇಷ್ಟು:

"ಜೂನ್ 3 ಮತ್ತು 11ರಂದು ನೀವು ಇನ್ಸರ್ಟ್ ಬದಲಿಸಿದ ನಂತರ ಮೊದಲ ಪೀಸಿನ ಅಳತೆ ದಾಖಲಾಗಿಲ್ಲ. ಒಟ್ಟು 23 ಶಾಫ್ಟ್‌ಗಳು 24.95 ಎಂಎಂ ಬಂದು ತಿರಸ್ಕೃತವಾಗಿವೆ. 3ನೇ ತಾರೀಖೇ ಈ ಬಗ್ಗೆ ಮೌಖಿಕವಾಗಿ ತಿಳಿಸಲಾಗಿತ್ತು. ಇನ್ನು ಮುಂದೆ ಪ್ರತಿ ಇನ್ಸರ್ಟ್ ಬದಲಾವಣೆಯ ನಂತರ ಮೊದಲ ಪೀಸನ್ನು ಮೈಕ್ರೋಮೀಟರಿನಲ್ಲಿ ಅಳೆದು, ಹಾಳೆಯಲ್ಲಿ ಬರೆದು ಸಹಿ ಮಾಡಬೇಕು. 30 ದಿನಗಳ ನಂತರ ಪರಿಶೀಲಿಸುತ್ತೇವೆ. ಇದೇ ಲೋಪ ಮರುಕಳಿಸಿದರೆ ನಿಯಮದಂತೆ ಶಿಸ್ತುಕ್ರಮದ ವಿಚಾರಣೆ ನಡೆಸಬೇಕಾಗುತ್ತದೆ. ನಿಮ್ಮ ವಿವರಣೆಯನ್ನು ಏಳು ದಿನಗಳೊಳಗೆ ಲಿಖಿತವಾಗಿ ಕೊಡಬಹುದು. ಕೆಳಗಿನ ಸಹಿ ಪತ್ರ ತಲುಪಿದ್ದಕ್ಕೆ ಮಾತ್ರ, ತಪ್ಪೊಪ್ಪಿಗೆಯಲ್ಲ."

"ಬೇಜವಾಬ್ದಾರಿ ಅಂತ ಒಂದು ಪದನಾದರೂ ಇರಲಿ" ಎಂದು ಗೆಳೆಯ ಒದ್ದಾಡಿದ. ಅಳತೆ ಬರೆದಿಲ್ಲ ಎನ್ನುವುದಕ್ಕೆ ಹಾಳೆ ಸಾಕ್ಷಿಯಿದೆ, ಬೇಜವಾಬ್ದಾರಿಗೆ ಏನಿದೆ? "ನೀನು" ಹೋಗಿ "ನೀವು" ಬಂದದ್ದೂ ಅವನಿಗೆ ಅಷ್ಟಾಗಿ ರುಚಿಸಲಿಲ್ಲ.

ಆಪರೇಟರ್ ಸಹಿ ಹಾಕಿದ. ನಾಲ್ಕನೇ ದಿನ ಉತ್ತರವೂ ಬಂತು, ನೋಟ್‌ಬುಕ್ಕಿನ ಹಾಳೆಯಲ್ಲಿ: "3ನೇ ತಾರೀಖಿನದು ನನ್ನ ತಪ್ಪು ಸರ್. 11ರಂದು ನೈಟ್ ಶಿಫ್ಟ್. ಮೈಕ್ರೋಮೀಟರ್ ಕ್ವಾಲಿಟಿಯವರ ಬೀರುವಿನಲ್ಲಿತ್ತು, ಬೀಗ ಹಾಕಿತ್ತು."

ಗೆಳೆಯ ಆ ಹಾಳೆಯನ್ನು ಪತ್ರದ ಜೊತೆಗೇ ಪಿನ್ ಮಾಡಿ ಫೈಲಿಗೆ ಹಾಕಿದ. ಬೀರುವಿನ ಇನ್ನೊಂದು ಕೀ ಈಗ ನೈಟ್ ಸೂಪರ್‌ವೈಸರ್ ಹತ್ತಿರ ಇದೆ.