ವ್ಯೂಹದ ಬಾಗಿಲಲ್ಲಿ ಉಳಿದವರು

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗದ್ದೆ ಬಯಲುಗಳಲ್ಲಿ ಚೆಂಡೆಯ ಸದ್ದು ಅಡಗುವುದಿಲ್ಲ. ಆ ಬಯಲುಗಳ ಪ್ರೇಕ್ಷಕರು ಎಷ್ಟು ಬಾರಿ ನೋಡಿದರೂ ದಣಿಯದ ಪ್ರಸಂಗಗಳಲ್ಲಿ ಅಭಿಮನ್ಯು ಕಾಳಗವೂ ಒಂದು. ತೆಂಕುತಿಟ್ಟಿನಲ್ಲಿ ಅಭಿಮನ್ಯುವಿನದು ಪುಂಡುವೇಷ; ಹಾರಿ ಸುತ್ತುವ ಧಿಗಿಣಗಳೇ ಅದರ ಜೀವಾಳ. ಧರ್ಮಸ್ಥಳ ಮೇಳದಲ್ಲಿ ಬಹುಕಾಲ ಕುಣಿದು 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿಯವರ ಅಭಿಮನ್ಯುವನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಕಥೆಯ ಅಂತ್ಯ ಎಲ್ಲರಿಗೂ ಗೊತ್ತು. ಆದರೂ ಸುಭದ್ರೆ ಮಗನನ್ನು ತಡೆಯುವ ಸನ್ನಿವೇಶ ಬಂದೊಡನೆ ಸಭೆ ಸ್ತಬ್ಧವಾಗುತ್ತದೆ. ಏಕೆ?

ಅನೇಕರು ಅಧರ್ಮಯುದ್ಧ ನಡೆದದ್ದೇ ಕಾರಣವೆನ್ನುತ್ತಾರೆ. ಮಹಾರಥರು ಸೇರಿ ಒಬ್ಬ ಬಾಲಕನನ್ನು ಕೊಂದರು. ದ್ರೋಣನ ಸೂಚನೆಯಂತೆ ಕರ್ಣನು ಬಿಲ್ಲನ್ನು ಕತ್ತರಿಸಿದನು, ಕೃತವರ್ಮನು ಕುದುರೆಗಳನ್ನು ಕೆಡಹಿದನು. ಇದು ನಿಜ. ಆದರೆ ಅನ್ಯಾಯ ಹುಟ್ಟಿಸುವುದು ಕೋಪವನ್ನು. ಸಭೆಯನ್ನು ಕಲಕುವ ಶೋಕದ ಮೂಲ ವ್ಯೂಹದ ಒಳಗಲ್ಲ, ಅದರ ಬಾಗಿಲಲ್ಲಿದೆ.

ಯುದ್ಧದ ಹದಿಮೂರನೆಯ ದಿನ ಸಂಶಪ್ತಕರು ಅರ್ಜುನನನ್ನು ದೂರ ಸೆಳೆದೊಯ್ದಿದ್ದರು. ಕನ್ನಡದ ಕಥನಗಳಲ್ಲಿ ಬಾಲಕನೇ ಮುಂದೆ ಬಂದು ಅಪ್ಪಣೆ ಬೇಡುತ್ತಾನೆ. ವ್ಯಾಸಭಾರತದ ದ್ರೋಣಪರ್ವ ಇನ್ನೂ ಕಠೋರವಾದುದು. ಅಲ್ಲಿ ಭಾರವನ್ನು ಹೊರಿಸುವವನು ಧರ್ಮರಾಯನೇ. ಆಗ ಅಭಿಮನ್ಯು ಏನನ್ನೂ ಮುಚ್ಚಿಡುವುದಿಲ್ಲ. ವ್ಯೂಹವನ್ನು ಭೇದಿಸುವ ಉಪಾಯವನ್ನು ತಂದೆ ಉಪದೇಶಿಸಿದ್ದಾನೆ, ಆಪತ್ತು ಒದಗಿದರೆ ಹೊರಬರುವುದು ತನ್ನಿಂದಾಗದು ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಗರ್ಭದಲ್ಲಿದ್ದಾಗ ಅರ್ಧ ಕೇಳಿದನೆಂಬ ಜನಪ್ರಿಯ ಕಥೆಯ ಮಾತು ಆ ಸಂವಾದದಲ್ಲಿಲ್ಲ. ಧರ್ಮರಾಯನ ಉತ್ತರ ಇಷ್ಟೇ: ನೀನು ದ್ವಾರವನ್ನು ತೆರೆ, ನಾವು ನಿನ್ನ ಹಿಂದೆಯೇ ಬರುತ್ತೇವೆ. ಭೀಮನೂ ಹಾಗೆಯೇ ಭರವಸೆ ಕೊಡುತ್ತಾನೆ.

ಹೀಗೆ ಆ ವಿದ್ಯೆಯ ಉಳಿದರ್ಧದ ಹೊಣೆಯನ್ನು ಹಿರಿಯರು ಹೊತ್ತರು. ಬಾಲಕ ಒಳನುಗ್ಗಿದನು. ಹಿಂದಿನವರನ್ನು ಜಯದ್ರಥನು ತಡೆದನು. ಅರ್ಜುನನನ್ನುಳಿದು ಮಿಕ್ಕ ಪಾಂಡವರನ್ನು ಒಂದು ದಿನ ತಡೆಯುವ ವರ ಅವನಿಗಿತ್ತು. ಬಾಗಿಲು ಮುಚ್ಚಿತು.

ಧರ್ಮರಾಯನು ಸುಳ್ಳಾಡಿದನೆ? ಇಲ್ಲ, ಬರುವ ಮನಸ್ಸೂ ಪ್ರಯತ್ನವೂ ಅವನಲ್ಲಿದ್ದವು. ಹಾಗಾದರೆ ಅವನು ನಿರ್ದೋಷಿಯೆ? ಇಲ್ಲಿ ಜೈನಾಚಾರ್ಯರ ವಿವೇಚನೆ ನೆರವಿಗೆ ಬರುತ್ತದೆ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದವನ್ನು ಅದರೊಡನೆ ಸೇರಿಸುತ್ತಾರೆ. ಕೊಲ್ಲುವ ಸಂಕಲ್ಪವಿರದಿದ್ದರೂ ಎಚ್ಚರ ತಪ್ಪಿದವನು ದೋಷಕ್ಕೆ ಹೊರಗಲ್ಲ. ಎಚ್ಚರದಿಂದ ನಡೆದವನಿಗೆ ಆಕಸ್ಮಿಕವಾಗಿ ಆದ ಹಾನಿ ಅಂಟದು. ಧರ್ಮರಾಯನನ್ನು ಈ ಒರೆಗೆ ಹಚ್ಚಬೇಕು. ತಮ್ಮನ್ನು ಯಾರಾದರೂ ತಡೆದರೆ ಮಗುವಿನ ಗತಿಯೇನು ಎಂಬ ಪ್ರಶ್ನೆಯನ್ನು ಅವನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅರ್ಜುನನು ಬಂದು ನಿಂದಿಸಿಯಾನು ಎಂಬ ಅಳುಕು ಮಾತ್ರ ಅವನ ಮಾತಿನಲ್ಲಿತ್ತು. ಇದು ಪ್ರಮಾದವಲ್ಲದೆ ಮತ್ತೇನು? ಜಯದ್ರಥನ ದ್ವೇಷವನ್ನು ಕೇಳುಗ ದೂರದಿಂದ ಹಳಿಯಬಹುದು. ಈ ಪ್ರಮಾದವನ್ನು ಹಾಗೆ ದೂರವಿಡಲಾರ. ಮಕ್ಕಳಿಗೆ ‘ನೀನು ನಡೆ, ಹಿಂದೆ ನಾವಿದ್ದೇವೆ’ ಎನ್ನದ ಮನೆಯಾದರೂ ಯಾವುದು?

ಒಂದು ಮಾತನ್ನು ಮಾತ್ರ ಸಭೆ ಮರೆಯುತ್ತದೆ. ವ್ಯೂಹದೊಳಗೆ ಅಭಿಮನ್ಯು ಕೊಂದವರಲ್ಲಿ ದುರ್ಯೋಧನನ ಮಗ ಲಕ್ಷ್ಮಣನೂ ಇದ್ದನು. ಅವನೂ ತಂದೆಯ ಮುದ್ದಿನ ಕುಮಾರನೇ. ಮಗ ಬಿದ್ದೊಡನೆ ದುರ್ಯೋಧನನು ‘ಇವನನ್ನು ಕೊಲ್ಲಿರಿ’ ಎಂದು ಕೂಗಿದನು. ಮಹಾರಥರು ಒಟ್ಟಾಗಿ ಮುತ್ತಿದ್ದು ಆ ಬಳಿಕ. ಒಬ್ಬ ಪುತ್ರನ ಶೋಕವೇ ಇನ್ನೊಬ್ಬ ಪುತ್ರನ ಕೊಲೆಗೆ ಹೇತುವಾಯಿತು. ಶತ್ರುವಿಗೆ ಇದಿರಾಗಿ ಹೋರಾಡುವ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೆ ಪೂರ್ಣವಾಗಿ ನಿಷೇಧಿಸದ ಶಾಸ್ತ್ರವೂ ಅದನ್ನು ಹಿಂಸೆಯೆಂದೇ ಕರೆದಿರುವುದು ಇಂತಹ ಸರಪಳಿಯನ್ನು ಅರಿತೇ ಇರಬೇಕು.

ಕೊನೆಗೆ ರಥ, ಖಡ್ಗ, ಚಕ್ರ ಎಲ್ಲವೂ ಹೋಗಿ ಗದೆಯೊಂದೇ ಉಳಿಯಿತು. ದುಶ್ಶಾಸನನ ಮಗನೂ ಅಭಿಮನ್ಯುವೂ ಪರಸ್ಪರ ಹೊಡೆದು ನೆಲಕ್ಕುರುಳಿದರು. ಮೊದಲು ಎದ್ದವನು ದುಶ್ಶಾಸನನ ಮಗ. ಏಳುತ್ತಿದ್ದ ಅಭಿಮನ್ಯುವಿನ ತಲೆಗೆ ಗದೆ ಬಿತ್ತು.

ಆ ಸಂಜೆ ಧರ್ಮರಾಯನು ತನ್ನನ್ನು ತಾನೇ ವಿಚಾರಣೆಗೆ ಒಳಪಡಿಸಿಕೊಳ್ಳುತ್ತಾನೆ. ಊಟದಲ್ಲಿ, ವಾಹನದಲ್ಲಿ, ಹಾಸಿಗೆಯಲ್ಲಿ, ಒಡವೆಯಲ್ಲಿ ಯಾರನ್ನು ಮುಂದೆ ಮಾಡಬೇಕಾಗಿತ್ತೋ ಆ ಬಾಲಕನನ್ನು ನಾವು ಯುದ್ಧದಲ್ಲಿ ಮುಂದೆ ಮಾಡಿದೆವು ಎಂದು ಹಲುಬುತ್ತಾನೆ. ಇಷ್ಟರಲ್ಲಿ ಅರ್ಜುನ ಮರಳುತ್ತಾನೆ. ಶಿಬಿರದಲ್ಲಿ ವಾದ್ಯಗಳ ಸದ್ದಿಲ್ಲ, ಎದುರುಗೊಳ್ಳಲು ಮಗ ಓಡಿ ಬರುವುದಿಲ್ಲ. ನಿಮ್ಮಿಂದ ರಕ್ಷಣೆಯಾಗದೆಂದು ತಿಳಿದಿದ್ದರೆ ನಾನೇ ಅವನನ್ನು ಕಾಯುತ್ತಿದ್ದೆ; ನಿಮ್ಮ ಕವಚವೂ ಆಯುಧಗಳೂ ಬರಿಯ ಅಲಂಕಾರಕ್ಕೆಯೆ ಎಂದು ಕೇಳುತ್ತಾನೆ. ಕೃಷ್ಣನನ್ನೂ ಧರ್ಮರಾಯನನ್ನೂ ಬಿಟ್ಟರೆ ಅವನೊಡನೆ ಮಾತನಾಡುವ ಧೈರ್ಯ ಆ ಹೊತ್ತು ಯಾರಿಗೂ ಇರಲಿಲ್ಲ.