ಏನೂ ಬದಲಾಗುವುದಿಲ್ಲ ಸರ್

ಇಂದಿನ ಚಿಂತನೆ.

ಬಂಧುಗಳೇ, ಸುಳ್ಳು ಹೇಳುವುದಿಲ್ಲ ಎಂಬ ನಾಲ್ಕನೆಯ ಶೀಲವನ್ನು ನಾವೆಲ್ಲ ಸ್ವೀಕರಿಸಿದ್ದೇವೆ. ಆದರೆ ಪೂರ್ತಿ ಗೊತ್ತಿಲ್ಲದ ಸಂಗತಿಯನ್ನು ಗೊತ್ತಿದ್ದವರಂತೆ ಹೇಳಿದರೆ ಅದು ಸುಳ್ಳೇ, ಅಲ್ಲವೇ? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ.

ಅವಳ ಕೆಲಸ ಅಮೆರಿಕದ ಒಂದು ಟೆಲಿಫೋನ್ ಕಂಪನಿಯ ಗ್ರಾಹಕರ ಕರೆಗಳಿಗೆ ಉತ್ತರಿಸುವುದು. ನಮಗೆ ರಾತ್ರಿ ಎರಡು ಗಂಟೆಯಾದಾಗ ಅಲ್ಲಿನ ಪೂರ್ವ ಭಾಗದಲ್ಲಿ, ಬೇಸಿಗೆಯಾದರೆ, ಹಿಂದಿನ ದಿನದ ಸಂಜೆ ನಾಲ್ಕೂವರೆ. ಒಂದು ಕರೆಗೆ ಸರಾಸರಿ ಎಂಟು ನಿಮಿಷ ಮೀರುವಂತಿಲ್ಲ. ಕರೆ ಮುಗಿದ ಮೇಲೆ ಗ್ರಾಹಕರ ಖಾತೆಯಲ್ಲಿ ಒಂದೆರಡು ಸಾಲಿನ ಟಿಪ್ಪಣಿ ಬರೆಯಬೇಕು. ಅಷ್ಟರಲ್ಲಿ ಮುಂದಿನ ಕರೆ ಕಿವಿಯಲ್ಲಿ ಬೀಪ್ ಎನ್ನುತ್ತದೆ. ಯಾವ ಕರೆ ಯಾರಿಗೆ ಎಂಬುದನ್ನು ಯಂತ್ರವೇ ನಿರ್ಧರಿಸುತ್ತದೆ, ಹಾಗಾಗಿ ಒಬ್ಬರೇ ಗ್ರಾಹಕರು ಮತ್ತೆ ಸಿಗುವುದು ಅಪರೂಪ. ಇವಳ ತಂಡದಲ್ಲಿ ರಾತ್ರಿ ಹದಿನಾಲ್ಕೇ ಜನರಿದ್ದುದರಿಂದ ಆ ಮುದುಕರು ಇವಳಿಗೆ ಮೂರು ಸಲ ಸಿಕ್ಕರು.

ಮೊದಲ ಸಲ ಅವರು ಕೇಳಿದ್ದು, ಈ ತಿಂಗಳ ಬಿಲ್ ಕಟ್ಟಿದೆಯೇ ಎಂದು. ಅದು ಬ್ಯಾಂಕಿನಿಂದ ತಾನಾಗಿಯೇ ಕಟ್ಟಿ ಹೋಗಿತ್ತು. ಮೂರು ನಿಮಿಷದಲ್ಲಿ ಕರೆ ಮುಗಿಯಿತು.

ಹತ್ತು ದಿನ ಬಿಟ್ಟು ಟಿ.ವಿ. ರಿಮೋಟ್ ಕೆಲಸ ಮಾಡುತ್ತಿಲ್ಲ ಎಂದು ಕರೆ ಮಾಡಿದರು. ಅದನ್ನು ಸರಿಪಡಿಸಿದ ಮೇಲೆ ಇವಳ ಪರದೆಯಲ್ಲಿ ಒಂದು ಆಫರ್ ಕಾಣಿಸಿತು. ಫೋನು, ಇಂಟರ್ನೆಟ್, ಟಿ.ವಿ. ಮೂರೂ ಸೇರಿದ ಹೊಸ ಪ್ಲಾನ್, ಬಿಲ್ ಸ್ವಲ್ಪ ಕಡಿಮೆ. ಮಾರಿದರೆ ಇವಳಿಗೂ ಇನ್ಸೆಂಟಿವ್. ಅವರು ಕೇಳಿದ್ದು ಒಂದೇ ಮಾತು: "ನನ್ನ ಫೋನಿನಲ್ಲಿ ಏನೂ ಬದಲಾಗುವುದಿಲ್ಲ ತಾನೇ?" ಇವಳು ಸ್ಕ್ರಿಪ್ಟಿನಲ್ಲಿದ್ದಂತೆ ಹೇಳಿದಳು: "ಅದೇ ನಂಬರ್ ಇರುತ್ತದೆ, ಏನೂ ಬದಲಾಗುವುದಿಲ್ಲ ಸರ್." ಅವರು ಒಪ್ಪಿದರು. ಎರಡು ವಾರದ ನಂತರ ತಂತ್ರಜ್ಞ ಬರುವ ದಿನ ಗೊತ್ತಾಯಿತು. ಆ ಕರೆಯನ್ನು ಆಲಿಸಿದ ಕ್ವಾಲಿಟಿ ವಿಭಾಗದವರು ಇವಳಿಗೆ 'ಸಹಾನುಭೂತಿ' ಎಂಬ ಕಲಮಿನಲ್ಲಿ ಪೂರ್ತಿ ಅಂಕ ಕೊಟ್ಟರು. ಗ್ರಾಹಕರ ಹೆಸರನ್ನು ಮೂರು ಸಲ ಹೇಳಿದ್ದಳು, ದನಿಯಲ್ಲಿ ನಗುವಿತ್ತು.

ಮೂರನೆಯ ಸಲ ಅವರು ತಂತ್ರಜ್ಞ ಬರುವ ದಿನ ಯಾವುದೆಂದು ಕೇಳಿದರು. ಅದನ್ನು ಆಗಲೇ ಪತ್ರದಲ್ಲಿ ಕಳಿಸಲಾಗಿತ್ತು, ಪತ್ರ ಅವರ ಕೈಯಲ್ಲೇ ಇತ್ತು. ಇವಳಿಗೆ ಏನೋ ಅನ್ನಿಸಿ ಖಾತೆಯ ಹಳೆಯ ಟಿಪ್ಪಣಿಗಳನ್ನು ತೆರೆದಳು. ನಲವತ್ತು ದಿನಗಳಲ್ಲಿ ಹನ್ನೊಂದು ಕರೆ. ಹೆಚ್ಚುಕಡಿಮೆ ಎಲ್ಲವೂ ಅಲ್ಲಿನ ಸಂಜೆ ಐದರ ಹೊತ್ತಿಗೆ. ಪ್ರತಿಯೊಂದರ ಮುಂದೆಯೂ 'ಪರಿಹಾರವಾಗಿದೆ' ಎಂದು ಬರೆದಿತ್ತು. ಕರೆ ಮಾಡುವ ಮೊದಲೇ ಉತ್ತರ ಗೊತ್ತಿದ್ದ ಪ್ರಶ್ನೆಗಳು ಅವೆಲ್ಲ. ಬೇರೆ ಗ್ರಾಹಕರು ಕಾಯಿಸಿದ್ದಕ್ಕೆ ಬೈಯುತ್ತಾರೆ, ಇವರು ಒಮ್ಮೆಯೂ ಬೈದಿರಲಿಲ್ಲ. ಮೂರು ಬೇರೆ ಬೇರೆ ಸಹೋದ್ಯೋಗಿಗಳು ಒಂದೇ ಸಾಲು ಬರೆದಿದ್ದರು: "ವಾಯ್ಸ್‌ಮೇಲ್ ಬಗ್ಗೆ ಕೇಳಿದರು, ವಿವರಿಸಲಾಗಿದೆ."

"ಮೇಷ್ಟ್ರೇ, ಒಂದೊಂದೇ ಕರೆ ನೋಡಿದರೆ ಏನೂ ಇಲ್ಲ. ಹನ್ನೊಂದನ್ನೂ ಸಾಲಾಗಿ ಓದಿದಾಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು" ಎಂದಳು.

ಇವಳೇ ಕೇಳಿದಳು: "ಸರ್, ವಾಯ್ಸ್‌ಮೇಲ್‌ನಲ್ಲಿ ಏನಿದೆ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದರು. ಫೋನ್ ಎತ್ತದಿದ್ದರೆ "ನಾವು ಮನೆಯಲ್ಲಿಲ್ಲ" ಎಂದು ಕೇಳಿಸುವ ದನಿ ಅವರ ಹೆಂಡತಿಯದು. ಆಕೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಲೈಬ್ರರಿ ಕೆಲಸ ಮುಗಿಸಿ ಆಕೆ ಮನೆಗೆ ಬರುತ್ತಿದ್ದುದು ನಾಲ್ಕೂವರೆಗೆ. ಈಗ ದಿನಾ ಆ ಹೊತ್ತಿಗೆ ಅವರು ತಮ್ಮ ಮೊಬೈಲಿನಿಂದ ತಮ್ಮದೇ ಮನೆಯ ಫೋನಿಗೆ ಕರೆ ಮಾಡಿ ಆ ದನಿ ಕೇಳುತ್ತಾರೆ. "ಕೇಳಿ ಮುಗಿದ ಮೇಲೆ ಮನೆ ತುಂಬಾ ನಿಶ್ಶಬ್ದವಾಗುತ್ತದೆ. ಕೆಲವು ದಿನ ತಡೆಯಲಾಗುವುದಿಲ್ಲ, ಆಗ ನಿಮಗೆ ಫೋನ್ ಮಾಡುತ್ತೇನೆ" ಎಂದರು.

ಇವಳು ಅವರನ್ನು ಹೋಲ್ಡ್‌ನಲ್ಲಿಟ್ಟು ತಾಂತ್ರಿಕ ವಿಭಾಗವನ್ನು ವಿಚಾರಿಸಿದಳು. ಆ ದನಿ ಇರುವುದು ಮನೆಯ ಯಂತ್ರದಲ್ಲಲ್ಲ, ಕಂಪನಿಯ ಸರ್ವರ್‌ನಲ್ಲಿ. ಹೊಸ ಪ್ಲಾನ್ ಬಂದರೆ ನಂಬರ್ ಅದೇ ಉಳಿಯುತ್ತದೆ, ಆದರೆ ವಾಯ್ಸ್‌ಮೇಲ್ ಪೆಟ್ಟಿಗೆ ಹೊಸದು. ಹಳೆಯ ದನಿ ಅಳಿಸಿಹೋಗುತ್ತದೆ. ತಂತ್ರಜ್ಞ ಬರಲು ಇನ್ನು ಆರು ದಿನ ಉಳಿದಿತ್ತು.

ಇವಳು ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ತಾನು ಹೇಳಿದ್ದು ತಪ್ಪು ಎಂದೂ ಹೇಳಿದಳು. ಆರ್ಡರ್ ರದ್ದು ಮಾಡಿದಳು. ಹಳೆಯ ಪೆಟ್ಟಿಗೆಯೂ ಎಂದಾದರೂ ಹೋಗಬಹುದು, ಆದ್ದರಿಂದ ದನಿಯನ್ನು ಸ್ಪೀಕರ್‌ನಲ್ಲಿ ಹಾಕಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಎರಡು ಕಡೆ ಇಟ್ಟುಕೊಳ್ಳಿ ಎಂದಳು. ಅವರಿಗೆ ಅದು ಬರುವುದಿಲ್ಲ. ಹತ್ತಿರ ಯಾರಾದರೂ ಇದ್ದಾರೆಯೇ ಎಂದಾಗ, ಪಕ್ಕದ ಮನೆಯ ಹುಡುಗ ಹುಲ್ಲು ಕತ್ತರಿಸಲು ಬರುತ್ತಾನೆ ಎಂದರು. "ಹಾಗಾದರೆ ಅವನನ್ನು ಒಳಗೆ ಕರೆಯಿರಿ ಸರ್."

ಆ ಕರೆ ಮೂವತ್ತೊಂದು ನಿಮಿಷವಾಯಿತು. ಆ ಪ್ಲಾನಿನ ಇನ್ಸೆಂಟಿವ್ ವಾಪಸಾಯಿತು, ವಾರದ ಅಂಕ ಕುಸಿಯಿತು.

ಬಂಧುಗಳೇ, ಅಭಯ ರಾಜಕುಮಾರ ಸುತ್ತದಲ್ಲಿ ಬುದ್ಧರು ಮಾತಿಗೆ ಮೂರು ಪರೀಕ್ಷೆ ಇಡುತ್ತಾರೆ. ಅದು ನಿಜವೇ, ಹಿತವೇ, ಅದಕ್ಕೆ ಇದು ಹೊತ್ತೇ? "ಏನೂ ಬದಲಾಗುವುದಿಲ್ಲ" ಎಂಬ ಮಾತನ್ನು ಇದಕ್ಕೆ ಹಚ್ಚಿ ನೋಡಿ. ನಂಬರಿನ ಮಟ್ಟಿಗೆ ಅದು ನಿಜ. ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ, ಆದ್ದರಿಂದ ಅದನ್ನು ಸುಳ್ಳು ಎನ್ನಲಾರೆ. ಆದರೆ 'ಏನೂ' ಎಂಬ ಪದದೊಳಗೆ ಆ ಮುದುಕರಿಗೆ ಏನಿತ್ತು ಎಂದು ಅವಳು ಕೇಳಿರಲಿಲ್ಲ. ಎದುರಿನವರ ಪ್ರಶ್ನೆ ಯಾವುದರ ಬಗ್ಗೆ ಎಂದು ತಿಳಿಯದೆ ಕೊಟ್ಟ ಉತ್ತರ ಮೊದಲ ಪರೀಕ್ಷೆಯಲ್ಲೇ ಅರ್ಧ ನಿಲ್ಲುತ್ತದೆ, ಎರಡನೆಯದನ್ನು ತಲುಪುವುದೇ ಇಲ್ಲ. ಕೇಳಿಸಿಕೊಳ್ಳುವುದು ಸಮ್ಮಾ ವಾಚಾದ ಮೊದಲ ಅರ್ಧ ಎಂದು ನನಗೆ ಈಗ ಅನ್ನಿಸುತ್ತದೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಅವಳೇ ಹೇಳಿದಳು. ಆ ಮೂವತ್ತೊಂದು ನಿಮಿಷ ಸಾಲಿನಲ್ಲಿ ಬೇರೆಯವರು ಕಾಯುತ್ತಿದ್ದರು. ಅವರಲ್ಲಿ ಫೋನು ಕೆಟ್ಟು ಆಸ್ಪತ್ರೆಗೆ ಕರೆ ಮಾಡಲಾಗದವರೂ ಇದ್ದಿರಬಹುದು. ಪ್ರತಿ ಕರೆಗೂ ಅಷ್ಟು ಹೊತ್ತು ಕೊಡಲಾಗದು ಎಂಬುದು ನಿಜವೇ. ಆದರೆ ಹಿಂದಿನ ಹತ್ತು ಕರೆಗಳನ್ನು ಕೂಡಿಸಿದರೆ ಅವೂ ಒಂದು ಗಂಟೆಯ ಹತ್ತಿರ ಆಗಿದ್ದವು, ಮತ್ತು ಆ ಗಂಟೆಯಲ್ಲಿ ಯಾರಿಗೂ ಏನೂ ದಕ್ಕಿರಲಿಲ್ಲ.

ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರು 2023ರಲ್ಲಿ ಒಂಟಿತನವನ್ನು ಆ ದೇಶದ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದೇ ವರದಿ ಕೊಟ್ಟರು. ಒಂದು ಕಾಲ್ ಸೆಂಟರ್ ಅದನ್ನು ವಾಸಿ ಮಾಡಲಾರದು. ಇವಳು ತಾನಾಗಿ ಅವರಿಗೆ ಕರೆ ಮಾಡುವಂತಿಲ್ಲ. ತನ್ನ ನಿಜ ಹೆಸರನ್ನೂ ಹೇಳುವಂತಿಲ್ಲ, ಅಲ್ಲಿ ಅವಳಿಗೆ ಬೇರೆಯದೇ ಇಂಗ್ಲಿಷ್ ಹೆಸರು. ತನ್ನಿಂದ ಆಗುವುದರ ಗಡಿ ಗೊತ್ತಿದ್ದೇ ಅವಳು ಅವರನ್ನು ಪಕ್ಕದ ಮನೆಯ ಹುಡುಗನ ಕೈಗೆ ಒಪ್ಪಿಸಿದಳು. ಸಾವಿರಾರು ಮೈಲಿಯ ಆಚೆಯ ಕರುಣೆ ಮಾಡಬಹುದಾದದ್ದು ಅಷ್ಟು, ಬೇಲಿಯ ಆಚೆ ಇರುವವರನ್ನು ತೋರಿಸುವುದು.

ಕೆಲವು ವಾರ ಬಿಟ್ಟು ಆ ಖಾತೆ ತೆರೆದಾಗ ಇನ್ನೊಬ್ಬ ಸಹೋದ್ಯೋಗಿ ಬರೆದ ಟಿಪ್ಪಣಿ ಇತ್ತು: "ಹುಡುಗ ರೆಕಾರ್ಡ್ ಮಾಡಿಕೊಟ್ಟ ಎಂದು ತಿಳಿಸಲು ಗ್ರಾಹಕರು ಕರೆ ಮಾಡಿದ್ದರು. ಸಮಸ್ಯೆ ಏನೂ ಇಲ್ಲ." ಆಮೇಲೂ ಕರೆಗಳು ನಿಂತಿರಲಿಲ್ಲ. ಮೊದಲಿಗಿಂತ ಕಡಿಮೆಯಾಗಿದ್ದವು, ಅಷ್ಟೆ.

ಇವತ್ತು ನಮ್ಮ ಮನೆಗೆ ಬರುವ ಕರೆಗಳಲ್ಲಿ ಉತ್ತರ ಮೊದಲೇ ಗೊತ್ತಿದ್ದೂ ಪ್ರಶ್ನೆ ಕೇಳುವವರು ಯಾರು? ಊರಿನಿಂದ ಅವ್ವ "ಮಳೆ ಬಂತೇನೋ" ಎಂದು ಮೂರನೆಯ ಸಲ ಕೇಳಿದರೆ, "ಆಗಲೇ ಹೇಳಿದೆನಲ್ಲ" ಎನ್ನುವ ಮೊದಲು ಒಮ್ಮೆ ಹಳೆಯ ಟಿಪ್ಪಣಿಗಳನ್ನು ಓದಿ ನೋಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.