ಲೆಕ್ಕ ಕೊಡುವುದು, ಹಾಜರಿ ಹಾಕುವುದು

ಗಂಟೆಗೊಮ್ಮೆ 'ಏನಾಯ್ತು?' ಎಂದು ಕೇಳುವ ಮೇಲಧಿಕಾರಿಗೆ ನಾವು ಎಷ್ಟು ಋಣಿಗಳು? ಸಂಬಳ ಪಡೆಯುವವನು ಕೆಲಸದ ಲೆಕ್ಕ ಕೊಡಬೇಕು, ಅದರಲ್ಲಿ ಅವಮಾನವಿಲ್ಲ. ಆದರೆ ಲೆಕ್ಕ ಕೊಡುವುದು ಬೇರೆ, ಹಾಜರಿ ಹಾಕುವುದು ಬೇರೆ. ಈ ಎರಡರ ನಡುವಿನ ಗೆರೆ ಅಳಿಸಿಹೋದಾಗ ಕೆಲಸವೂ ಕೆಡುತ್ತದೆ, ಮನುಷ್ಯನೂ ಕುಗ್ಗುತ್ತಾನೆ.

ಪುಣೆಯಲ್ಲಿ ನಾನು ನಡೆಸಿದ ಒಂದು ಪ್ರಾಜೆಕ್ಟಿನ ಉದಾಹರಣೆ ಹೇಳುತ್ತೇನೆ. ಗ್ರಾಹಕರ ಖಾತೆಗಳನ್ನು ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸುವ ಕೆಲಸ. ಭಾನುವಾರ ಗೋ-ಲೈವ್. ಬುಧವಾರ ಎರಡೂ ಕಡೆಯ ತಿಂಗಳವಾರು ಮೊತ್ತಗಳನ್ನು ಹೋಲಿಸಿದಾಗ 312 ಖಾತೆಗಳು ತಾಳೆಯಾಗಲಿಲ್ಲ. ತಂಡದ ಒಬ್ಬ ಹುಡುಗಿ ಕಾರಣ ಹುಡುಕಲು ಕೂತಳು. ಮಧ್ಯಾಹ್ನದೊಳಗೆ ನಮ್ಮ ಮೇಲಧಿಕಾರಿಯಿಂದ ಆರು ಮೆಸೇಜು: 'ಎಷ್ಟು ಪರ್ಸೆಂಟ್ ಆಯ್ತು?'

ಇಲ್ಲಿಯೇ ನೈತಿಕ ಪ್ರಶ್ನೆ ಏಳುವುದು. ಇಂಥ ಕೆಲಸಕ್ಕೆ ಪರ್ಸೆಂಟ್ ಎಂಬುದೇ ಇಲ್ಲ. ಹನ್ನೆರಡು ಗಂಟೆಗೆ ಸರಿಯಾದ ಖಾತೆಗಳ ಸಂಖ್ಯೆ ಸೊನ್ನೆ. ಮೂರು ಗಂಟೆಗೆ ಆಕೆಗೆ ಕಾರಣ ಸಿಕ್ಕಿತು. ಹಳೆಯ ವ್ಯವಸ್ಥೆ ಭಾರತೀಯ ಕಾಲಮಾನದಲ್ಲಿ ಸಮಯ ದಾಖಲಿಸುತ್ತಿತ್ತು, ಹೊಸದು ಯುಟಿಸಿಯಲ್ಲಿ. ಎರಡರ ನಡುವೆ ಐದೂವರೆ ಗಂಟೆ. ಹಾಗಾಗಿ ಒಂದನೇ ತಾರೀಖಿನ ನಸುಕಿನಲ್ಲಿ ಐದೂವರೆಗೆ ಮೊದಲು ನಡೆದ ವ್ಯವಹಾರಗಳೆಲ್ಲ ಹೊಸ ವರದಿಯಲ್ಲಿ ಹಿಂದಿನ ತಿಂಗಳಿಗೆ ಜಾರಿದ್ದವು. ಒಂದೇ ತಿದ್ದುಪಡಿಗೆ 290 ಖಾತೆ ಸರಿಹೋದವು. ಉಳಿದ 22ಕ್ಕೆ ಬೇರೆಬೇರೆ ಕಾರಣ. ಅವು ಇನ್ನೊಂದೂವರೆ ದಿನ ತಿಂದವು.

ಹನ್ನೆರಡು ಗಂಟೆಗೆ 'ಅರವತ್ತು ಪರ್ಸೆಂಟ್' ಎಂದು ಬರೆದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಆತ ಅದನ್ನೇ ಕ್ಲೈಂಟಿಗೆ ಹೇಳುತ್ತಾರೆ. ನಾಳೆ ಆ ಸುಳ್ಳನ್ನು ಕಾಪಾಡಲು ಮತ್ತೊಂದು ಬೇಕಾಗುತ್ತದೆ. ಪದೇಪದೇ ಕೇಳಿಸಿಕೊಳ್ಳುವುದರಿಂದ ಆತ್ಮಗೌರವ ಹೋಗುವುದಿಲ್ಲ. ಕೇಳುವವರನ್ನು ಸುಮ್ಮನಾಗಿಸಲು ಮನಸ್ಸಿಗೆ ಬಂದದ್ದನ್ನು ಬರೆದಾಗ ಹೋಗುತ್ತದೆ.

ಹಾಗಾದರೆ ಬರೆಯುವುದೇನು? ಹಿಂದಿನ ಒಂದು ವಾರದ ಮೆಸೇಜುಗಳನ್ನೆಲ್ಲ ತೆಗೆದು ಓದಿದೆ. ಬಹುತೇಕ ಎಲ್ಲವೂ ಒಂದೇ ಪ್ರಶ್ನೆಯ ರೂಪಗಳು: ಭಾನುವಾರ ಆಗುತ್ತದೋ ಇಲ್ಲವೋ? ಅವರಿಗೆ ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಐದಕ್ಕೂ ಕ್ಲೈಂಟ್ ಕಾಲ್ ಇರುತ್ತಿತ್ತು. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲೇ ಮೆಸೇಜುಗಳ ಮಳೆ. ಆದ್ದರಿಂದ ಹನ್ನೊಂದೂಕಾಲು ಮತ್ತು ನಾಲ್ಕೂಕಾಲಕ್ಕೆ, ಅವರು ಕೇಳುವ ಮೊದಲೇ, ನಾಲ್ಕು ಸಾಲು ಕಳಿಸತೊಡಗಿದೆ:

'ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು: 290 ಖಾತೆ. ಉಳಿದದ್ದು: 22, ಕಾರಣ ಇನ್ನೂ ತಿಳಿದಿಲ್ಲ. ಭಾನುವಾರಕ್ಕೆ ಅಡ್ಡಿ: ಶುಕ್ರವಾರ ಸಂಜೆಯೊಳಗೆ ಮುಗಿಯದಿದ್ದರೆ ಮಾತ್ರ. ಮುಂದಿನ ಸುದ್ದಿ: ನಾಳೆ 11:15ಕ್ಕೆ, ಕೆಟ್ಟ ಸುದ್ದಿಯಿದ್ದರೆ ತಕ್ಷಣ.'

ಕೊನೆಯ ಸಾಲು ಮುಖ್ಯ. ನನ್ನ ಮೌನಕ್ಕೂ ಅದು ಅರ್ಥ ಕೊಡುತ್ತದೆ. ಆದರೆ ಕೆಟ್ಟ ಸುದ್ದಿಯನ್ನು ಒಮ್ಮೆ ತಡಮಾಡಿದರೂ ಈ ಏರ್ಪಾಡು ಕುಸಿಯುತ್ತದೆ. ಇನ್ನೊಂದು ನಿಯಮ: ಮೆಸೇಜುಗಳು ನನ್ನ ಹತ್ತಿರವೇ ನಿಲ್ಲಬೇಕು. ಮೇಲಿನಿಂದ ಬಂದದ್ದನ್ನು ಹಾಗೇ ಕೆಳಗೆ ದಾಟಿಸುವವನು ಮ್ಯಾನೇಜರ್ ಅಲ್ಲ, ಅಂಚೆಪೆಟ್ಟಿಗೆ. ಆ ಹುಡುಗಿಗೆ ಬೇಕಿದ್ದದ್ದು ಮುರಿಯದ ಮೂರು ಗಂಟೆ. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸಿನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಸೋಫಿ ಲೆರಾಯ್ 2009ರ ತಮ್ಮ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಉತ್ತರ ಬರೆಯಲು ಎರಡು ನಿಮಿಷ ಸಾಕು, ಬಿಟ್ಟ ಜಾಗಕ್ಕೆ ಮರಳಲು ಸಾಲದು.

ಇದರಿಂದ ಮೆಸೇಜು ನಿಂತವೇ? ದಿನಕ್ಕೆ ಎರಡು ಮೂರಕ್ಕೆ ಇಳಿದವು, ಅಷ್ಟೆ. ಕೇಳುವವರ ಹಿಂದೆ ಹೆಚ್ಚಾಗಿ ಒಂದು ಭಯವಿರುತ್ತದೆ. ಕ್ಲೈಂಟಿನ ಎದುರು ಉತ್ತರವಿಲ್ಲದೆ ಕೂರುವ ಭಯ. ಮಾಹಿತಿ ಆ ಭಯವನ್ನು ತಣಿಸಬಲ್ಲದು. ಆದರೆ ಕೆಲವರಿಗೆ ಮಾಹಿತಿ ಬೇಕಿಲ್ಲ, ಹಿಡಿತ ಬೇಕು. ವ್ಯತ್ಯಾಸ ತಿಳಿಯಲು ಒಂದು ದಾರಿಯಿದೆ: ನಮ್ಮ ಉತ್ತರದಿಂದ ಅವರ ಯಾವ ತೀರ್ಮಾನವಾದರೂ ಬದಲಾಯಿತೇ ಎಂದು ಎರಡು ವಾರ ಗಮನಿಸಿ. ಒಂದೂ ಇಲ್ಲವೆಂದಾದರೆ ಅದು ಹಾಜರಿ. ಆಗ ಎಲ್ಲರೆದುರು ಅಲ್ಲ, ಒಬ್ಬರೇ ಇದ್ದಾಗ ಹೇಳಬೇಕು: 'ಸರ್, ದಿನಕ್ಕೆ ಎರಡು ಸಲ ಪೂರ್ತಿ ಲೆಕ್ಕ ಕೊಡ್ತೀನಿ. ನಡುವೆ ಕೇಳಿದ್ರೆ ಇದೇ ಉತ್ತರ ಸಿಗತ್ತೆ, ಕೆಲಸ ಮಾತ್ರ ತಡ ಆಗತ್ತೆ.' ನಮ್ಮಂಥವರು ಇದನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಬೇಕು. ಪರಭಾಷೆಯಲ್ಲಿ ವಿನಯ ಬೇಗ ದೈನ್ಯವಾಗುತ್ತದೆ. ಮೊದಲೇ ಬರೆದಿಟ್ಟುಕೊಂಡು, 'ಸಾರಿ'ಗಳನ್ನು ಹೊಡೆದುಹಾಕಿ ಹೋಗುವುದು ಒಳ್ಳೆಯದು.

ಇಷ್ಟಾದರೂ ಬದಲಾಗದವರಿದ್ದಾರೆ. ಅಲ್ಲಿ ಮನೆಯ ಇಎಂಐ ಲೆಕ್ಕ ಹಾಕಿ ಇನ್ನಷ್ಟು ದಿನ ಇರುವುದೋ ಬೇರೆ ಕೆಲಸ ಹುಡುಕುವುದೋ ಅವರವರ ತೀರ್ಮಾನ. ಇದ್ದವನು ಹೇಡಿಯಲ್ಲ, ಬಿಟ್ಟವನು ವೀರನೂ ಅಲ್ಲ. ಆದರೆ ಇರುವಷ್ಟು ದಿನ, ಸೊನ್ನೆಯಾಗಿದ್ದಾಗ ಸೊನ್ನೆ ಎಂದು ಬರೆಯುವ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ.